ಹಳದಿ ಪೊಟ್ಟಣ ಯಾರದ್ದು?

ಮಾತಾಡುವವರು ಇಬ್ಬರು. ಒಬ್ಬರು ಟ್ರೇಡ್‌ಮಾರ್ಕ್ ಕೆಲಸದಲ್ಲೇ ತಲೆ ಹಣ್ಣಾದ ಮೈಸೂರಿನ ವಕೀಲರು. ಇನ್ನೊಬ್ಬಳು ಪ್ಯಾಕೆಟ್ಟು, ಲೇಬಲ್ಲುಗಳ ವಿನ್ಯಾಸ ಮಾಡುವ ಹುಡುಗಿ. ಮೊದಲ ಕರಡನ್ನು ಈಗೀಗ ಚಿತ್ರ ಬಿಡಿಸುವ ಎಐ ಕೈಲಿ ಮಾಡಿಸುತ್ತಾಳೆ. ಹೆಂಗಸರ ಸ್ವಸಹಾಯ ಸಂಘವೊಂದು ರಾಗಿ ಬಿಸ್ಕತ್ತು ಮಾರಲು ಹೊರಟಿದೆ. ಅದರ ಪೊಟ್ಟಣದ ಚಿತ್ರ ಲ್ಯಾಪ್‌ಟಾಪಿನ ಮೇಲಿದೆ.

ವಕೀಲರು: ಇದು ಪಾರ್ಲೆ-ಜಿ ಅಲ್ವೇನಮ್ಮ?

ಡಿಸೈನರ್: ಅಯ್ಯೋ, ಎಲ್ಲಿ ಸರ್? ಸರಿಯಾಗಿ ನೋಡಿ. ಈ ಮಗುವಿಗೆ ಎರಡು ಜಡೆ ಇದೆ, ಕೈಯಲ್ಲಿ ರಾಗಿ ತೆನೆ ಇದೆ. ಪಟ್ಟೆ ಇನ್ನೂ ತೆಳ್ಳಗಿವೆ. ಹೆಸರಂತೂ ಇಟ್ಟೇ ಇಲ್ಲ.

ವಕೀಲರು: ವ್ಯತ್ಯಾಸ ಎಣಿಸಿ ಕೊಡ್ತಿದ್ದೀಯ. ನಾನು ಕೇಳೋದು ಬೇರೆ. ಹೆಸರೇ ಇಲ್ಲದ ಪೊಟ್ಟಣ ನೋಡಿ ನನ್ನ ಬಾಯಿಗೆ ಆ ಹೆಸರು ಹ್ಯಾಗೆ ಬಂತು? ನೀನು ಅದಕ್ಕೆ ಏನಂತ ಬರೆದುಕೊಟ್ಟೆ?

ಡಿಸೈನರ್: ಸಂಘದವರು ಹೇಳಿದ್ದು ‘ಅದರ ಥರಾನೇ ಇರಲಿ, ಆದ್ರೆ ಅದಲ್ಲ’ ಅಂತ. ನಾನೂ ಮೊದಲು ಹಾಗೇ ಟೈಪ್ ಮಾಡಿದೆ.

```
ragi biscuit packet like Parle-G but not Parle-G, no logo
```

ವಕೀಲರು: ‘ಅದಲ್ಲ’ ಅಂತ ಬರೆದಿದ್ದೀಯಲ್ಲ. ಮತ್ತೂ ಅದೇ ಬಂತೇ?

ಡಿಸೈನರ್: ಅಚ್ಚುಕಟ್ಟಾಗಿ ಅದೇ ಬಂತು. ಇಂಥ ಮಾದರಿಗಳಲ್ಲಿ ಎಷ್ಟೋ ಕಡೆ ‘ಬೇಡ’, ‘ಅಲ್ಲ’ ಅನ್ನೋ ಮಾತಿಗೆ ತೂಕ ಕಡಿಮೆ ಸರ್. ಹೆಸರಿಗೆ ತೂಕ ಜಾಸ್ತಿ. ಒಂದೇ ಸಾಲಿನಲ್ಲಿ ಎರಡು ಸಲ ಆ ಹೆಸರು ಬರೆದರೆ ಎರಡು ಸಲ ಕರೆದ ಹಾಗೆ. ಬೇಡದ್ದನ್ನು ಹೇಳೋದಕ್ಕೆ ಬೇರೆ ಜಾಗ ಇರುತ್ತೆ. ಸ್ಟೇಬಲ್ ಡಿಫ್ಯೂಷನ್‌ನಲ್ಲಿ ‘ನೆಗೆಟಿವ್ ಪ್ರಾಂಪ್ಟ್’ ಅಂತ ಪ್ರತ್ಯೇಕ ಖಾನೆ, ಮಿಡ್‌ಜರ್ನಿಯಲ್ಲಿ ಕೊನೆಗೆ `--no` ಅಂತ ಹಾಕಿ ಬರೆಯೋದು. ಅದೂ ಅಕ್ಷರ, ಲೋಗೊ ಬೇಡ ಅನ್ನೋಕೆ ಸಾಕು, ‘ಹೋಲಿಕೆ ಬೇಡ’ ಅನ್ನೋಕೆ ಸಾಲದು.

ವಕೀಲರು: ಅಂದ್ರೆ ಹೆಸರು ತೆಗೆದುಬಿಟ್ಟರೆ ಕೆಲಸ ಮುಗೀತು.

ಡಿಸೈನರ್: ಮುಗೀಲಿಲ್ಲ, ಅದೇ ತೊಂದರೆ. ನೀವು ಈಗ ನೋಡ್ತಿರೋ ಚಿತ್ರ ಹೆಸರು ತೆಗೆದ ಮೇಲಿನದ್ದು. ಬರೀ ‘ಹಳದಿ ಗ್ಲೂಕೋಸ್ ಬಿಸ್ಕತ್ ಪೊಟ್ಟಣ, ನಗುವ ಮಗು, ಕೆಂಪು ಅಕ್ಷರ, ಭಾರತದ ದಿನಸಿ ಅಂಗಡಿ’ ಅಂತ ಬರೆದೆ. ಈ ನಾಲ್ಕು ಮಾತೂ ಒಟ್ಟಿಗೆ ಇರೋ ಚಿತ್ರಗಳು ಅದು ಕಲಿತ ರಾಶಿಯಲ್ಲಿ ಯಾವುವು? ಬಹುಪಾಲು ಒಂದೇ ಪೊಟ್ಟಣದವು. ಹಾಗಾಗಿ ಹೆಸರಿಲ್ಲದೇನೇ ಅಲ್ಲಿಗೇ ಹೋಗಿ ನಿಲ್ಲುತ್ತೆ. ಲಂಡನ್ನಿನಲ್ಲಿ ಗೆಟ್ಟಿ ಇಮೇಜಸ್‌ನವರು ಸ್ಟೆಬಿಲಿಟಿ ಎಐ ಮೇಲೆ ಹಾಕಿದ ಕೇಸು ಓದಿದ್ದೀರಾ?

ವಕೀಲರು: 2025ರ ನವೆಂಬರಿನಲ್ಲಿ ತೀರ್ಪು ಬಂತು. ಹಳೆಯ ಆವೃತ್ತಿಗಳು ಬಿಡಿಸಿದ ಕೆಲವು ಚಿತ್ರಗಳ ಮೇಲೆ ಗೆಟ್ಟಿಯವರ ವಾಟರ್‌ಮಾರ್ಕೇ ಮೂಡಿತ್ತು. ಆ ಒಂದು ಅಂಶದಲ್ಲಿ, ಬಹಳ ಸೀಮಿತವಾಗಿ, ಟ್ರೇಡ್‌ಮಾರ್ಕ್ ಉಲ್ಲಂಘನೆ ಅಂತ ಇಂಗ್ಲೆಂಡಿನ ಹೈಕೋರ್ಟು ಒಪ್ಪಿತು. ಉಳಿದ ದೊಡ್ಡ ವಾದಗಳಲ್ಲಿ ಅವರು ಗೆಲ್ಲಲಿಲ್ಲ.

ಡಿಸೈನರ್: ವಾಟರ್‌ಮಾರ್ಕು ಹಾಕಿಕೊಡು ಅಂತ ಯಾರು ಕೇಳ್ತಾರೆ ಸರ್? ಕಲಿತ ಎಷ್ಟೋ ಚಿತ್ರಗಳ ಮೇಲೆ ಅದು ಇತ್ತು, ಚಿತ್ರ ಅಂದ್ರೆ ಹೀಗೇ ಇರಬೇಕು ಅಂದುಕೊಂಡುಬಿಡ್ತು. ನನ್ನ ಹಳದಿ ಪೊಟ್ಟಣದ ಕಥೆಯೂ ಅದೇ. ನಾನು ಕದ್ದಿಲ್ಲ.

ವಕೀಲರು: ಕದ್ದೆ ಅಂತ ನಾನೆಲ್ಲಿ ಅಂದೆ? ನಮ್ಮ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆ ಮೊದಲು ಕೇಳೋದು ನಿನ್ನ ಮನಸ್ಸಿನಲ್ಲಿ ಏನಿತ್ತು ಅಂತಲ್ಲ. ಕೊಳ್ಳುವವನಿಗೆ ಗೊಂದಲ ಆಗುತ್ತಾ ಅಂತ. ಈ ಊರಿನದ್ದೇ ಒಂದು ಕೇಸು ಹೇಳ್ತೀನಿ, ಅದೂ ಬಿಸ್ಕತ್ತಿನದ್ದೇ.

ಇಲ್ಲಿ ಒಂದು ಮಾತು ಸೇರಿಸಬೇಕು. ಎಐ ಬಂದ ಮೇಲೆ ಹುಟ್ಟಿದ ಪ್ರಶ್ನೆ ಅಂತ ನಾವು ತಿಳಿದಿರುವುದರ ಮುಕ್ಕಾಲು ಪಾಲು ಲಿಥೋ ಮುದ್ರಣದ ಕಾಲದಲ್ಲೇ ಕೋರ್ಟು ಹತ್ತಿ ಇಳಿದಿದೆ. ವಕೀಲರು ಹೇಳಹೊರಟ ಮೊಕದ್ದಮೆ ಅದಕ್ಕೆ ಸಾಕ್ಷಿ.

ವಕೀಲರು: ಪಾರ್ಲೆಯವರ ಹಳೇ ‘ಗ್ಲೂಕೋ’ ಪೊಟ್ಟಣದ ಮೇಲೆ ಮಗು ಇರಲಿಲ್ಲ. ಒಂದು ಹಳ್ಳಿಮನೆ ಅಂಗಳ, ನಡುವೆ ನೀರಿನ ಪಾತ್ರೆ ಹಿಡಿದ ಹುಡುಗಿ, ಸುತ್ತ ಹಸು, ಕೋಳಿ. ಮೈಸೂರಿನ ಜೆ.ಪಿ. ಅಂಡ್ ಕೋ ಅನ್ನುವವರು ‘ಗ್ಲೂಕೋಸ್ ಬಿಸ್ಕತ್ತು’ ಮಾಡಿದರು. ಅವರ ಪೊಟ್ಟಣದಲ್ಲೂ ಹುಡುಗಿ. ಆದರೆ ಇವಳ ತಲೆ ಮೇಲೆ ಹುಲ್ಲಿನ ಹೊರೆ, ಕೈಯಲ್ಲಿ ಕುಡುಗೋಲು, ಬುತ್ತಿ ಗಂಟು. ಹಸು, ಕೋಳಿ ಇಲ್ಲೂ ಇದ್ದವು. ಇಲ್ಲಿನ ಜಿಲ್ಲಾ ನ್ಯಾಯಾಲಯ, ಆಮೇಲೆ ಹೈಕೋರ್ಟು, ಎರಡೂ ಕಡೆ ಪಾರ್ಲೆ ಸೋತಿತು. ಎರಡೂ ಪೊಟ್ಟಣ ಪಕ್ಕಪಕ್ಕ ಇಟ್ಟರೆ ನೀನು ಈಗ ಎಣಿಸಿದ ಹಾಗೆಯೇ ಬೇಕಾದಷ್ಟು ವ್ಯತ್ಯಾಸ ಕಾಣುತ್ತಿತ್ತು. 1972ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಿರುಗಿಸಿತು. ಪಕ್ಕಪಕ್ಕ ಇಟ್ಟು ನೋಡೋದೇ ತಪ್ಪು ವಿಧಾನ ಅಂದಿತು. ಕೊಳ್ಳುವವನು ಅಂಗಡಿಗೆ ಹಳೇ ಪೊಟ್ಟಣ ಹಿಡಿದುಕೊಂಡು ಹೋಗೋದಿಲ್ಲ. ಅವನ ತಲೆಯಲ್ಲಿ ಇರೋದು ಹುಡುಗಿ, ಹಸು, ಕೋಳಿ, ಆ ಬಣ್ಣ, ಮೇಲೆ ದಪ್ಪಕ್ಷರದ ಗ್ಲೂಕೋ. ಇನ್ನೊಂದನ್ನು ಕೊಟ್ಟರೆ ಅದೇ ಅಂತ ತಗೊಂಡು ಹೋಗ್ತಾನೆ.

ಡಿಸೈನರ್: ಹುಡುಗಿ, ಹಸು, ಕೋಳಿ. ಇವು ಮೂರೂ ಯಾರಪ್ಪನ ಆಸ್ತಿ ಸರ್? ಹಳ್ಳಿ ಅಂದರೆ ಇವೇ ತಾನೆ?

ವಕೀಲರು: ಬಿಡಿಬಿಡಿಯಾಗಿ ಯಾರದ್ದೂ ಅಲ್ಲ. ಆ ಕ್ರಮದಲ್ಲಿ, ಆ ಬಣ್ಣದ ಮೇಲೆ, ಅದೇ ತಿಂಡಿಯ ಪೊಟ್ಟಣದ ಮೇಲೆ ಕೂಡಿದಾಗ ಒಬ್ಬರದ್ದಾಗುತ್ತೆ. ನೀನು ನಿನ್ನ ಎಐಗೆ ಬರೆದುಕೊಡೋದೂ ಇಂಥದ್ದೇ ಪಟ್ಟಿ ಅಲ್ವಾ? ಹಳದಿ, ಮಗು, ಕೆಂಪಕ್ಷರ, ಗ್ಲೂಕೋಸು. ಹೆಸರು ಬರೀಲಿಲ್ಲ, ಸರಿ. ಆದರೆ ಹೆಸರು ಬಿಟ್ಟು ಮಿಕ್ಕಿದ್ದನ್ನೆಲ್ಲ ಬರೆದೆ.

ಡಿಸೈನರ್ ಸುಮ್ಮನೆ ಇನ್ನೊಂದು ಚಿತ್ರ ತೆರೆದು ತೋರಿಸಿದಳು. ಮಗುವನ್ನು ಬಿಟ್ಟಿದ್ದಾಳೆ, ಹಳದಿಯನ್ನೂ ಬಿಟ್ಟಿದ್ದಾಳೆ. ಹಸಿರು ಹೊಲದ ನಡುವೆ ಸೀರೆ ಉಟ್ಟ ರೈತ ಮಹಿಳೆ, ತಲೆಯ ಮೇಲೆ ತೆನೆಯ ಹೊರೆ. ವಕೀಲರು ನೋಡಿ ಜೋರಾಗಿ ನಕ್ಕರು.

ವಕೀಲರು: ಚುನಾವಣೆಗೆ ನಿಲ್ಲಿಸ್ತೀಯಾ ಬಿಸ್ಕತ್ತನ್ನ?

ಡಿಸೈನರ್: ಗೊತ್ತು ಸರ್, ನಮ್ಮಮ್ಮನೂ ಅದನ್ನೇ ಕೇಳಿದರು. ತೆನೆ ಹೊತ್ತ ಮಹಿಳೆ ಜೆಡಿಎಸ್ ಗುರುತು. ನಾನು ಬರೆದದ್ದು ‘ಸುಗ್ಗಿಯ ಸಂತೋಷ, ಕರ್ನಾಟಕದ ಹಳ್ಳಿ’ ಅಂತ ಅಷ್ಟೇ. ಇದಕ್ಕಿಂತ ಮುಂಚೆ ‘ಮೈಸೂರಿನ ರಾಜವೈಭವ’ ಅಂತ ಬರೆದಾಗ ಎರಡು ತಲೆಯ ಹಕ್ಕಿ ಕೊಟ್ಟಿತ್ತು.

ವಕೀಲರು: ಗಂಡಭೇರುಂಡ! ಅದು ರಾಜ್ಯ ಸರ್ಕಾರದ ಲಾಂಛನದಲ್ಲಿ ಇರೋದು. ಸರ್ಕಾರದ ಲಾಂಛನವನ್ನು ವ್ಯಾಪಾರಕ್ಕೆ ಬಳಸಬಾರದು ಅಂತ 1950ರಿಂದಲೇ ಪ್ರತ್ಯೇಕ ಕಾಯ್ದೆ ಇದೆ. ಅಲ್ಲಮ್ಮ, ಈ ಯಂತ್ರಕ್ಕೆ ಯಾರೂ ಗುರುತು ಹಾಕದೇ ಇರೋ ಚಿತ್ರ ಬಿಡಿಸೋಕೆ ಬರೋದೇ ಇಲ್ವೇ?

ಡಿಸೈನರ್: ಬರುತ್ತೆ. ಆದರೆ ಒಂದು ಮಾತು ಕೇಳಿ ಸರ್. ನೀವು ಹೇಳೋ ಲೆಕ್ಕದಲ್ಲಿ ಮಗು ಬೇಡ, ಹಸು ಬೇಡ, ಹೊರೆ ಹೊತ್ತ ಹೆಂಗಸು ಬೇಡ, ಹಕ್ಕಿ ಬೇಡ. ಉಳಿಯೋದೇನು? ಕೆಎಂಎಫ್‌ನವರ ನಂದಿನಿ ಕೇಸು ಏನಾಯ್ತು? ಹೆಸರೇ ಒಂದು. ಕೆಎಂಎಫ್ 1985ರಿಂದ ಹಾಲಿಗೆ ‘ನಂದಿನಿ’ ಅಂತ ಇಟ್ಟುಕೊಂಡಿದೆ, ಬೆಂಗಳೂರಿನ ನಂದಿನಿ ಡಿಲಕ್ಸ್ ಹೋಟೆಲಿನವರು 1989ರಿಂದ. ಇಂಗ್ಲಿಷಿನಲ್ಲಿ ಒಂದು ‘ಎಚ್’ ಅಕ್ಷರದ ವ್ಯತ್ಯಾಸ. 2018ರಲ್ಲಿ ಸುಪ್ರೀಂ ಕೋರ್ಟು ಹೋಟೆಲಿನವರ ಕಡೆ ಹೇಳಲಿಲ್ವಾ? ನಂದಿನಿ ದೇವತೆಯ ಹೆಸರು, ಪುರಾಣದ ಹಸುವಿನ ಹೆಸರು, ಅದನ್ನು ಒಬ್ಬರೇ ಕಟ್ಟಿಹಾಕೋಕೆ ಆಗಲ್ಲ ಅಂತ. ಹಾಗಿದ್ದ ಮೇಲೆ ನಗುವ ಮಗುವನ್ನ ಯಾಕೆ ಬಿಟ್ಟುಕೊಡಬೇಕು?

ವಕೀಲರು: ಆ ತೀರ್ಪಿನಲ್ಲಿ ನಿನಗೆ ಬೇಕಾದ ಸಾಲು ಓದಿದ್ದೀಯ. ಪೂರ್ತಿ ಓದು. ಹೋಟೆಲಿನವರು ಹಾಲು, ಹಾಲಿನ ಪದಾರ್ಥದ ತಂಟೆಗೆ ಹೋಗೋದಿಲ್ಲ ಅಂತ ಒಪ್ಪಿಕೊಂಡಿದ್ದರು. ಮುಖ್ಯವಾಗಿ ಎರಡರ ಚಿತ್ರ ಬೇರೆ ಬೇರೆ. ಒಂದರಲ್ಲಿ ಹಸು, ಇನ್ನೊಂದರಲ್ಲಿ ದೀಪ. ಅಕ್ಷರದ ರೂಪ ಬೇರೆ, ಪಕ್ಕದಲ್ಲಿ ‘ಡಿಲಕ್ಸ್’ ಇದೆ. ಹೋಟೆಲಿನವರೂ ಮೊಟ್ಟೆಯಾಕಾರದೊಳಗೆ ಹಸು ಬರೆಸಿದ್ದರೆ ಹೇಳು, ಏನಾಗುತ್ತಿತ್ತು?

ಡಿಸೈನರ್: ಅದೇ ನನ್ನ ವಾದ ಕೂಡ. ಒಂದು ಅಂಶ ಸಾಮಾನ್ಯವಾಗಿದ್ದರೆ ಪರವಾಗಿಲ್ಲ, ಮಿಕ್ಕಿದ್ದು ನಿಚ್ಚಳವಾಗಿ ನಮ್ಮದಾಗಿರಬೇಕು. ನೀವು ಮಾತ್ರ ಒಂದೊಂದನ್ನೂ ನೋಡಿ ಹೆದರಿಸ್ತಿದ್ದೀರಿ.

ವಕೀಲರು: ಹೆದರಿಸೋದು ನನ್ನ ವೃತ್ತಿ. ಆ ಹೋಟೆಲಿನವರು ಗೆದ್ದರು ನಿಜ, ಆದರೆ ಸುಪ್ರೀಂ ಕೋರ್ಟಿನ ತನಕ ಹೋಗಿ ಗೆದ್ದರು. ನಿನ್ನ ಸ್ವಸಹಾಯ ಸಂಘದವರ ಹತ್ತಿರ ಅಷ್ಟು ದೂರ ಹೋಗೋ ಬಸ್ ಚಾರ್ಜು ಇದೆಯಾ?

ಈ ಮಾತಿಗೆ ಅವಳ ಹತ್ತಿರ ಉತ್ತರ ಇರಲಿಲ್ಲ. ಆದರೆ ಅದು ನ್ಯಾಯದ ಉತ್ತರವಲ್ಲ, ಜೇಬಿನ ಉತ್ತರ ಎಂದು ನನಗನ್ನಿಸಿತು. ಆಕೆ ಮೂರನೆಯ ಕಡತ ತೆರೆದಳು.

ಡಿಸೈನರ್: ಇದು ಹೇಗೆ ಬಂತು ಅಂತ ಹೇಳ್ತೀನಿ ಕೇಳಿ. ‘ಬಿಸ್ಕತ್ ಪೊಟ್ಟಣ’ ಅನ್ನೋ ಮಾತನ್ನೇ ಪ್ರಾಂಪ್ಟಿನಿಂದ ತೆಗೆದೆ. ಆ ಮಾತು ಇದ್ದಷ್ಟು ಹೊತ್ತು ಅದು ತನಗೆ ಗೊತ್ತಿರೋ ಬಿಸ್ಕತ್ ಪೊಟ್ಟಣಗಳ ಕಡೆಗೇ ಎಳೆಯುತ್ತೆ. ‘ಲೋಗೊ’ ಅಂದರೂ ಹಾಗೇ, ಕಂಡು ಬಲ್ಲ ಲೋಗೊಗಳ ಸರಾಸರಿ ಕೊಡುತ್ತೆ. ಅದಕ್ಕೇ ಪೊಟ್ಟಣ ಕೇಳಲಿಲ್ಲ, ಅದರ ಮೇಲೆ ಹಾಕಬೇಕಾದ ಒಂದು ವಸ್ತುವನ್ನು ಮಾತ್ರ ಕೇಳಿದೆ. ಸಂಘದವರು ಬೆಳೆಯೋದು ರಾಗಿ. ತೆನೆ ಮೇಲಿನಿಂದ ನೋಡಿದರೆ ಬೆರಳು ಮಡಚಿದ ಮುಷ್ಟಿ ಹಾಗೆ ಕಾಣುತ್ತೆ. ಅದನ್ನು ಲಿನೋ ಅಚ್ಚಿನ ಥರ, ಎರಡೇ ಬಣ್ಣದಲ್ಲಿ.

```
linocut, one finger millet earhead seen from above,
spikes curling inward, brick red and soot black,
unbleached paper, empty upper third --no text, logo
```

ವಕೀಲರು: ಮೇಲೆ ಖಾಲಿ ಯಾಕೆ ಬಿಡಿಸಿದೆ?

ಡಿಸೈನರ್: ಹೆಸರಿಗೆ. ಅಕ್ಷರವನ್ನು ಅದರ ಕೈಲಿ ಬರೆಸಬಾರದು. ಕನ್ನಡ ಅಕ್ಷರ ಅದರ ಕೈಯಲ್ಲಿ ಎಷ್ಟೋ ಸಲ ಕಲಸಿಹೋಗುತ್ತೆ, ಒತ್ತಿಗೆ ಒತ್ತು ಅಂಟಿಕೊಂಡಿರುತ್ತೆ. ಇಂಗ್ಲಿಷ್ ಆದರೆ ಇನ್ನೂ ಅಪಾಯ, ಯಾವುದೋ ಹೆಸರಾಂತ ಕಂಪನಿಯ ಅಕ್ಷರದ ಬಾಗನ್ನೇ ತಂದು ಕೂರಿಸುತ್ತೆ. ಕೆಲವು ಸಲ ಮೂಲೆಯಲ್ಲಿ ವೃತ್ತದೊಳಗಿನ ‘ಆರ್’ ಗುರುತನ್ನೂ ಹಾಕಿಬಿಡುತ್ತೆ.

ವಕೀಲರು: ಅದನ್ನು ಕಂಡ ಕೂಡಲೇ ಅಳಿಸು. ನೋಂದಣಿ ಆಗದ ಗುರುತನ್ನು ನೋಂದಣಿ ಆಗಿದೆ ಅಂತ ತೋರಿಸಿದರೆ ಕಾಯ್ದೆ ಪ್ರಕಾರ ದಂಡ ಬೀಳುತ್ತೆ. ಯಂತ್ರ ಹಾಕಿತು ಅಂದ್ರೆ ಯಾರೂ ಕೇಳಲ್ಲ.

ಡಿಸೈನರ್: ಅಳಿಸ್ತೀನಿ. ಅಕ್ಷರ ನಾನೇ ಕೂರಿಸ್ತೀನಿ, ತೆನೆಯನ್ನೂ ಇದ್ದ ಹಾಗೆ ಬಳಸಲ್ಲ. ಅದನ್ನು ಕರಡು ಅಂತ ಇಟ್ಟುಕೊಂಡು ವೆಕ್ಟರ್‌ನಲ್ಲಿ ಮತ್ತೆ ಗೆರೆ ಎಳೀತೀನಿ. ಎಳೆಯುವಾಗ ಗೊತ್ತಾಗುತ್ತೆ ಸರ್, ಯಾವ ಬಾಗು ಬೇಕಾಗಿ ಬಂದದ್ದು, ಯಾವುದು ಎಲ್ಲಿಂದಲೋ ಅಂಟಿಕೊಂಡು ಬಂದದ್ದು ಅಂತ. ಎಷ್ಟೋ ಸಲ ಗೂಗಲ್ ಲೆನ್ಸಿಗೆ ಕೊಟ್ಟು ನೋಡೋದೂ ಉಂಟು.

ವಕೀಲರು: ಲೆನ್ಸು ಅದೇ ಚಿತ್ರ ಇದ್ದರೆ ಹುಡುಕಿಕೊಡುತ್ತೆ. ನೋಂದಣಿಯಾಗಿ ಎಲ್ಲೋ ಬೀರುವಿನಲ್ಲಿ ಮಲಗಿರೋ ಗುರುತನ್ನು ಹುಡುಕಿಕೊಡುತ್ತೆ ಅಂತ ನಂಬಬೇಡ. ಟ್ರೇಡ್‌ಮಾರ್ಕ್ ಕಚೇರಿಯ ಜಾಲತಾಣದಲ್ಲೇ ಸಾರ್ವಜನಿಕ ಹುಡುಕಾಟ ಇದೆ, ದುಡ್ಡಿಲ್ಲ. ಬಿಸ್ಕತ್ತು 30ನೇ ವರ್ಗದಲ್ಲಿ ಬರುತ್ತೆ. ಹೆಸರು ಹುಡುಕು, ಆಮೇಲೆ ಉಚ್ಚಾರದ ಮೇಲೆ ಹುಡುಕು, ಯಾಕೆಂದರೆ ಕಾಗುಣಿತ ಬೇರೆಯಾದರೂ ಕಿವಿಗೆ ಒಂದೇ ಆಗಿರಬಹುದು. ಆಮೇಲೆ ಚಿತ್ರ. ಚಿತ್ರಕ್ಕೆ ವಿಯೆನ್ನಾ ಸಂಕೇತ ಅಂತ ಅಂಕಿ ಇರುತ್ತೆ. ಪ್ರಾಣಿಗಳದ್ದು 3ನೇ ಗುಂಪು, ಗಿಡಮರದ್ದು 5ನೇ ಗುಂಪು, ಅದರೊಳಗೆ ಕಾಳು-ತೆನೆಗೆ ಬೇರೆ ಉಪವಿಭಾಗ. ಆ ಸಂಕೇತ ಹಾಕಿದರೆ 30ನೇ ವರ್ಗದಲ್ಲಿ ಯಾರ್ಯಾರು ತೆನೆ ಇಟ್ಟುಕೊಂಡಿದ್ದಾರೆ ಅಂತ ಸಾಲಾಗಿ ಬರುತ್ತೆ.

ಡಿಸೈನರ್: ನೋಡಿದೆ. ಗೋಧಿ ತೆನೆ ಬೇಕಾದಷ್ಟಿವೆ. ನಿಂತ ತೆನೆ, ಎರಡು ತೆನೆ ಬಾಗಿಸಿ ಮಾಡಿದ ಮಾಲೆ. ಮೇಲಿನಿಂದ ನೋಡಿದ ರಾಗಿ ತೆನೆ ನನ್ನ ಕಣ್ಣಿಗೆ ಬೀಳಲಿಲ್ಲ.

ವಕೀಲರು: ಬೀಳಲಿಲ್ಲ ಅಂದಮಾತ್ರಕ್ಕೆ ಇಲ್ಲ ಅಂತಲ್ಲ. ನೋಂದಾಯಿಸದೇ ವರ್ಷಗಟ್ಟಲೆ ಬಳಸಿದವನಿಗೂ ನಮ್ಮಲ್ಲಿ ಹಕ್ಕಿದೆ. ‘ಪಾಸಿಂಗ್ ಆಫ್’ ಅಂತ ದಾವೆ ಹಾಕ್ತಾನೆ. ದಾವಣಗೆರೆಯಲ್ಲೋ ಹಾಸನದಲ್ಲೋ ಯಾವುದಾದರೂ ಬೇಕರಿಯವನು ಇದೇ ತೆನೆ ಹಾಕಿಕೊಂಡಿದ್ದರೆ ಆ ಪಟ್ಟಿಯಲ್ಲಿ ಕಾಣಲ್ಲ. ಅಂಗಡಿ ಅಂಗಡಿ ಸುತ್ತಿ ನೋಡಬೇಕು. ಇನ್ನೊಂದು ಮಾಡು. ಇದನ್ನು ಪ್ರಿಂಟ್ ತೆಗೆದು ಬಿಸ್ಕತ್ತಿಗೆ ಸುತ್ತಿ, ಯಾವುದಾದರೂ ದಿನಸಿ ಅಂಗಡಿಯಲ್ಲಿ ಬೇರೆ ಪೊಟ್ಟಣಗಳ ನಡುವೆ ಇಡು. ಈ ವಿಷಯ ಏನೂ ಗೊತ್ತಿಲ್ಲದವರಿಗೆ ದೂರದಿಂದ ತೋರಿಸು. ಮಾರನೇ ದಿನ ಕೇಳು, ನಿನ್ನೆ ಏನು ನೋಡಿದಿರಿ ಅಂತ. ‘ಅದೇ, ಆ ಕಂಪನಿದು’ ಅಂತ ಒಬ್ಬರ ಬಾಯಲ್ಲಿ ಬಂದರೂ ನಿಲ್ಲಿಸು. ಕೋರ್ಟು ಹುಡುಕೋದು ಆ ಮರೆವಿನ ನಡುವೆ ಉಳಿದುಕೊಂಡ ನೆನಪನ್ನೇ.

ಡಿಸೈನರ್: ಮಾಡಬಹುದು. ಆದರೆ ಸಂಘದವರು ಇದನ್ನು ನೋಡಿ ಏನಂದ್ರು ಗೊತ್ತಾ? ‘ಚೆನ್ನಾಗಿದೆ, ಆದ್ರೆ ಬಿಸ್ಕತ್ತು ಅಂತ ಅನ್ನಿಸ್ತಾ ಇಲ್ಲ, ರಸಗೊಬ್ಬರದ ಚೀಲ ಇದ್ದ ಹಾಗಿದೆ.’ ಅವರ ಮಾತಿನಲ್ಲೂ ನಿಜ ಇದೆ. ಅಂಗಡಿಯಲ್ಲಿ ಕೊಳ್ಳುವವರು ಓದಿ ತಗೊಳ್ಳಲ್ಲ, ಬಣ್ಣ ನೋಡಿ ತಗೊಳ್ತಾರೆ. ಹಳದಿ ಅಂದರೆ ಬಿಸ್ಕತ್ತು ಅಂತ ಐವತ್ತು ವರ್ಷದಿಂದ ಕಣ್ಣಿಗೆ ಅಭ್ಯಾಸ ಆಗಿದೆ. ಅದನ್ನೂ ಬಿಡು ಅಂದರೆ ಬಿಸ್ಕತ್ತು ಅನ್ನೋ ಭಾಷೆಯನ್ನೇ ಮೊದಲು ಬಂದ ಕಂಪನಿ ಬರೆಸಿಕೊಂಡ ಹಾಗೆ.

ವಕೀಲರು: ಹಳದಿ ಇರಲಿ ಬೇಕಾದರೆ. ಬರೀ ಬಣ್ಣದ ಮೇಲೆ ಹಕ್ಕು ಸಾಧಿಸೋದು ಸುಲಭ ಅಲ್ಲ. ಹಳದಿಯ ಜೊತೆಗೆ ಪಟ್ಟೆ, ಪಟ್ಟೆಯ ಜೊತೆಗೆ ಮಗು, ಮಗುವಿನ ಜೊತೆಗೆ ಕೆಂಪಕ್ಷರ ಬಂದಾಗ ನನಗೆ ಭಯ.

ಡಿಸೈನರ್: ಸರಿ, ಹಳದಿ ನೆಲ, ಇಟ್ಟಿಗೆ ಕೆಂಪಿನ ತೆನೆ. ಇದಕ್ಕೆ ಏನಂತೀರಿ?

ವಕೀಲರು: ಕೆಂಪು ಬೇಕೇ? ಕಪ್ಪು ಸಾಲದೇ?

ಡಿಸೈನರ್: ನೋಡಿ, ಮತ್ತೆ ಹಿಂದೆ ಸರೀತಿದ್ದೀರಿ.

ವಕೀಲರು: ಸರೀತೀನಿ, ಯಾಕೆ ಅಂದರೆ ನಿನ್ನ ಲ್ಯಾಪ್‌ಟಾಪಿನಲ್ಲಿ ಮೊದಲನೇ ಪ್ರಾಂಪ್ಟು ಇನ್ನೂ ಇದೆ. ‘ಅದರ ಥರ, ಆದರೆ ಅದಲ್ಲ’ ಅಂತ ಅವರ ಹೆಸರು ಹಾಕಿ ನೀನೇ ಬರೆದದ್ದು. ನಾಳೆ ದಾವೆ ಆದರೆ ಎದುರಿನ ವಕೀಲ ಆ ಸಾಲನ್ನು ಓದಿ ಹೇಳ್ತಾನೆ. ಗೊಂದಲ ಆಗುತ್ತೋ ಇಲ್ಲವೋ ಅನ್ನೋ ಪ್ರಶ್ನೆಗೆ ಉದ್ದೇಶ ಬೇಕಿಲ್ಲ, ಆದರೆ ದುರುದ್ದೇಶ ಕಂಡರೆ ನ್ಯಾಯಾಧೀಶರ ಕಣ್ಣು ಬೇರೆಯಾಗುತ್ತೆ. ಹಿಂದೆ ಗಿರಾಕಿ ಬಂದು ಇನ್ನೊಬ್ಬರ ಪೊಟ್ಟಣ ಮೇಜಿನ ಮೇಲಿಟ್ಟು ‘ಹೀಗೇ ಮಾಡಿ’ ಅಂತ ಬಾಯಲ್ಲಿ ಹೇಳಿ ಹೋಗ್ತಿದ್ದ. ಅದಕ್ಕೆ ದಾಖಲೆ ಇರಲಿಲ್ಲ. ಈಗ ತಾರೀಖು, ಗಂಟೆ ಸಮೇತ ಇದೆ.

ಡಿಸೈನರ್: ಅಳಿಸಿಬಿಡಲಾ?

ವಕೀಲರು: ಅಳಿಸಿದರೆ ಇನ್ನೂ ಕೆಟ್ಟದ್ದು. ಇರಲಿ ಬಿಡು. ಅದರ ಕೆಳಗೆ ಆ ಚಿತ್ರವನ್ನು ಯಾಕೆ ಬಿಟ್ಟೆವು, ಆಮೇಲೆ ಯಾವ ದಿಕ್ಕು ಹಿಡಿದೆವು, ಏನೇನು ಹುಡುಕಿ ನೋಡಿದೆವು ಅಂತ ಬರೆದಿಡು. ಪ್ರಾಮಾಣಿಕವಾಗಿ ದೂರ ಸರಿದದ್ದಕ್ಕೂ ಅದೇ ಸಾಕ್ಷಿ. ಮುಂದಿನ ಕೆಲಸದಲ್ಲಿ ಮಾತ್ರ ಯಾವ ಕಂಪನಿಯ ಹೆಸರನ್ನೂ ಪ್ರಾಂಪ್ಟಿಗೆ ತರಬೇಡ, ‘ಬೇಡ’ ಅನ್ನೋದಕ್ಕೂ ತರಬೇಡ.

ಡಿಸೈನರ್: ಅದನ್ನು ಒಪ್ತೀನಿ. ಒಂದು ಮಾತ್ರ ಒಪ್ಪಲ್ಲ ಸರ್. ದೊಡ್ಡವರ ಚಿತ್ರ ಎಲ್ಲೆಲ್ಲೂ ಇರೋದರಿಂದಲೇ ಯಂತ್ರ ಅವರ ಕಡೆ ವಾಲುತ್ತೆ. ವಾಲಿದ್ದನ್ನು ಎತ್ತಿ ನಿಲ್ಲಿಸೋ ಕೆಲಸ, ಹುಡುಕೋ ಕೆಲಸ, ದಾಖಲೆ ಇಡೋ ಕೆಲಸ ಎಲ್ಲ ಚಿಕ್ಕವರ ತಲೆ ಮೇಲೆ. ನಮ್ಮ ಹಳ್ಳಿಯ ತೆನೆ ಅದಕ್ಕೆ ಗೊತ್ತಿಲ್ಲ, ಅವರ ಪೊಟ್ಟಣ ಚೆನ್ನಾಗಿ ಗೊತ್ತು. ಇದು ಯಾವ ನ್ಯಾಯ?

ವಕೀಲರು: ನ್ಯಾಯ ಅಂತ ನಾನೂ ಹೇಳಲ್ಲ. ಅಷ್ಟು ವಾಲುತ್ತೆ ಅಂತ ಗೊತ್ತಿದ್ದ ಮೇಲೆ ಈ ಒಂದು ಕೆಲಸಕ್ಕಾದರೂ ಒಂದು ರಾಗಿ ತೆನೆ ಕಿತ್ತು ತಂದು ಎದುರಿಗಿಟ್ಟುಕೊಂಡು ಕೈಯಲ್ಲೇ ಬಿಡಿಸಬಾರದೇ?

ಡಿಸೈನರ್: ಅದಕ್ಕೆ ತಗಲೋ ಹೊತ್ತಿಗೆ ಸಂಘದವರು ದುಡ್ಡು ಕೊಡ್ತಾರಾ ಅಂತ ನೀವೇ ಕೇಳಿ ನೋಡಿ.

ಅವರು ಕೇಳಲಿಲ್ಲ. ಹಳದಿ ನೆಲದ ಬಗ್ಗೆ ಇಬ್ಬರಿಗೂ ಒಮ್ಮತ ಬರಲಿಲ್ಲ. ಮಗುವಿನ ಚಿತ್ರ, ಹೊರೆ ಹೊತ್ತ ಮಹಿಳೆಯ ಚಿತ್ರ ಎರಡೂ ಬೇಡವೆಂದು ಮಾತ್ರ ತೀರ್ಮಾನವಾಯಿತು. ನನ್ನನ್ನು ಕೇಳಿದರೆ ಹಳದಿಯ ವಿಷಯದಲ್ಲಿ ನಾನು ಹುಡುಗಿಯ ಕಡೆ, ಅಂಗಡಿಯಲ್ಲಿಟ್ಟು ನೋಡುವ ವಿಷಯದಲ್ಲಿ ವಕೀಲರ ಕಡೆ. ಇದೆಲ್ಲ ಅಚ್ಚಿಗೆ ಮೊದಲೇ ಆಗಬೇಕು, ಯಾಕೆಂದರೆ ಬಿಸ್ಕತ್ತಿನ ಪ್ಲಾಸ್ಟಿಕ್ ಪೊಟ್ಟಣ ಸಾಮಾನ್ಯವಾಗಿ ಗ್ರೆವ್ಯೂರ್ ಯಂತ್ರದಲ್ಲಿ ಅಚ್ಚಾಗುತ್ತದೆ. ಅಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಸಿಲಿಂಡರ್ ಕೆತ್ತಿಸಬೇಕು, ಚಿತ್ರ ಬದಲಾದರೆ ಅಷ್ಟನ್ನೂ ಮತ್ತೆ ಕೆತ್ತಿಸಬೇಕು. ಇಂಥ ಚಿತ್ರ ಮಾಡಿಸಿಕೊಂಡು ಕೂತಿರುವ ಸಣ್ಣ ವ್ಯಾಪಾರಿಗಳು ಇದನ್ನು ಓದುತ್ತಿದ್ದರೆ, ಆ 30ನೇ ವರ್ಗದ ಹುಡುಕಾಟವನ್ನು ಸಿಲಿಂಡರಿಗೆ ಕೊಡುವ ಮೊದಲೇ ಮುಗಿಸಿಕೊಳ್ಳಿ.